ಮೂರು ಕರೆನ್ಸಿಗಳ ತ್ರಿಕೋನ ಆರ್ಬಿಟ್ರೇಜ್: ಹತ್ತು ಲಕ್ಷ ಡಾಲರ್‌ನಿಂದ ಹೊರಟರೆ ಕೈಗೆ ಬರುವ ಲಾಭ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ತ್ರಿಕೋನ ಆರ್ಬಿಟ್ರೇಜ್ ಎಂದರೆ ಏನು?

ಒಂದು ಕರೆನ್ಸಿಯಿಂದ ಹೊರಟು, ಎರಡನೆಯದಕ್ಕೆ ಹೋಗಿ, ಅಲ್ಲಿಂದ ಮೂರನೆಯದಕ್ಕೆ ದಾಟಿ, ಮತ್ತೆ ಮೊದಲಿನದಕ್ಕೇ ಹಿಂದಿರುಗುವುದು. ಹೊರಟಾಗ ಕೈಯಲ್ಲಿದ್ದುದಕ್ಕಿಂತ ಹಿಂದಿರುಗಿದಾಗ ಹೆಚ್ಚಿದ್ದರೆ ಆ ಹೆಚ್ಚಳವೇ ಲಾಭ. ಡಾಲರ್ ಏರುತ್ತದೆ, ಯೂರೊ ಇಳಿಯುತ್ತದೆ ಎಂಬ ಊಹೆಗೆ ಇಲ್ಲಿ ಜಾಗವಿಲ್ಲ. ಒಂದೇ ಕ್ಷಣದಲ್ಲಿ ನಿಂತಿರುವ ಮೂರು ದರಗಳು ಒಂದಕ್ಕೊಂದು ಹೊಂದುತ್ತವೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಈ ಪುಟದಲ್ಲಿ ಡಾಲರ್, ಯೂರೊ ಮತ್ತು ಬ್ರಿಟಿಷ್ ಪೌಂಡ್ ಇವು ಮೂರನ್ನೇ ಕೊನೆಯವರೆಗೂ ಇಟ್ಟುಕೊಂಡಿದ್ದೇನೆ. ದರಗಳು ಲೆಕ್ಕಕ್ಕಾಗಿ ನಾನು ಆರಿಸಿಕೊಂಡವು. ಆರಂಭದ ಮೊತ್ತ ಎಲ್ಲ ಕಡೆಯೂ 10,00,000 ಡಾಲರ್.

ದರಗಳು ಹೊಂದುತ್ತಿಲ್ಲ ಎಂಬುದು ಹೇಗೆ ಗೊತ್ತಾಗುತ್ತದೆ?

ಮೊದಲು ದರವನ್ನು ಓದುವ ಕ್ರಮ ತಿಳಿದಿರಬೇಕು. ಪರದೆಯ ಮೇಲೆ EUR/USD 1.1000 ಎಂದಿದ್ದರೆ ಒಂದು ಯೂರೊಗೆ 1.1000 ಡಾಲರ್ ಎಂದರ್ಥ. ಎಡಗಡೆಯದು ಮೂಲ ಕರೆನ್ಸಿ, ಅದು ಯಾವಾಗಲೂ ಒಂದು ಘಟಕ. ಬಲಗಡೆಯದು ಅದರ ಬೆಲೆಯನ್ನು ಹೇಳುವ ಕರೆನ್ಸಿ.

ಈಗ ಮೂರು ದರಗಳು ಹೀಗಿವೆ ಎಂದುಕೊಳ್ಳೋಣ:

```
EUR/USD = 1.1000
GBP/USD = 1.3000
EUR/GBP = 0.8500
```

ಮೂರನೆಯ ದರವನ್ನು ಕೈಯಿಂದ ಮುಚ್ಚಿ, ಮೊದಲ ಎರಡನ್ನಷ್ಟೇ ನೋಡಿ. ಒಂದು ಯೂರೊ 1.1000 ಡಾಲರ್ ಬಾಳುತ್ತದೆ, ಒಂದು ಪೌಂಡ್ 1.3000 ಡಾಲರ್ ಬಾಳುತ್ತದೆ. ಹಾಗಾದರೆ ಒಂದು ಯೂರೊಗೆ ಎಷ್ಟು ಪೌಂಡ್ ಬರಬೇಕು? 1.1000 ಅನ್ನು 1.3000 ರಿಂದ ಭಾಗಿಸಿದರೆ 0.84615. ಇದು ಡಾಲರ್ ಮೂಲಕ ಹೊರಡುವ ಕ್ರಾಸ್ ದರ. ಕೈ ತೆಗೆದು ನೋಡಿದರೆ ಮಾರುಕಟ್ಟೆಯಲ್ಲಿ ನೇರವಾಗಿ ಹೇಳುತ್ತಿರುವ ದರ 0.8500. ಎರಡೂ ಒಂದೇ ಆಗಿದ್ದರೆ ಲಾಭಕ್ಕೆ ದಾರಿಯೇ ಇರಲಿಲ್ಲ. ಇಲ್ಲಿ ಅವು ಬೇರೆ ಬೇರೆ, ಆದ್ದರಿಂದ ಮುಂದಿನ ಲೆಕ್ಕಕ್ಕೆ ಅರ್ಥವಿದೆ.

ಯಾವ ದಿಕ್ಕಿನಲ್ಲಿ ಸುತ್ತಬೇಕು?

ಸೂತ್ರವನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ಸೂತ್ರ ಬೇಡ, ಯಾವುದು ದುಬಾರಿ ಎಂದು ಕೇಳಿಕೊಳ್ಳಿ. ಯೂರೊ ಮತ್ತು ಪೌಂಡ್ ನೇರವಾಗಿ ಕೈಬದಲಾಗುವ ಮಾರುಕಟ್ಟೆಯಲ್ಲಿ ಒಂದು ಯೂರೊಗೆ 0.8500 ಪೌಂಡ್ ಕೊಡುತ್ತಿದ್ದಾರೆ. ಡಾಲರ್ ಮೂಲಕ ಬಂದರೆ ಅದು ಬಾಳುವುದು 0.84615 ಪೌಂಡ್ ಮಾತ್ರ. ಅಂದರೆ ಆ ಮಾರುಕಟ್ಟೆಯಲ್ಲಿ ಯೂರೊ ದುಬಾರಿಯಾಗಿದೆ. ದುಬಾರಿಯಾದುದನ್ನು ಎಲ್ಲಿ ಮಾರಬೇಕು? ಅಲ್ಲೇ. ಮಾರಲು ಮೊದಲು ಯೂರೊ ಕೈಯಲ್ಲಿರಬೇಕು, ಅದನ್ನು ಡಾಲರ್ ಕೊಟ್ಟು ಕೊಳ್ಳಬೇಕು. ಮಾರಿದ ಮೇಲೆ ಪೌಂಡ್ ಉಳಿಯುತ್ತದೆ, ಅದನ್ನು ಡಾಲರ್‌ಗೆ ತಿರುಗಿಸಬೇಕು.

ದಾರಿ ತಾನಾಗಿಯೇ ಬಂತು: ಡಾಲರ್, ಯೂರೊ, ಪೌಂಡ್, ಡಾಲರ್. ನೇರ ದರ 0.84615 ಕ್ಕಿಂತ ಕಡಿಮೆ ಇದ್ದಿದ್ದರೆ ಯೂರೊ ಅಲ್ಲಿ ಅಗ್ಗವಾಗಿರುತ್ತಿತ್ತು. ಆಗ ಅಲ್ಲಿ ಯೂರೊವನ್ನು ಕೊಳ್ಳಬೇಕಾಗುತ್ತಿತ್ತು, ಸುತ್ತು ಡಾಲರ್, ಪೌಂಡ್, ಯೂರೊ, ಡಾಲರ್ ಎಂದು ತಿರುಗುತ್ತಿತ್ತು.

ಹಾಗಾದರೆ ಲಾಭ ಎಷ್ಟು?

ಮೂರು ಹೆಜ್ಜೆಗಳನ್ನು ಒಂದೊಂದಾಗಿ ಇಡೋಣ.

10,00,000 ಡಾಲರ್ ಕೊಟ್ಟು ಯೂರೊ ಕೊಳ್ಳುತ್ತೇವೆ. ಒಂದು ಯೂರೊಗೆ 1.1000 ಡಾಲರ್ ಆದ್ದರಿಂದ ಭಾಗಿಸಬೇಕು: 9,09,090.91 ಯೂರೊ ಬರುತ್ತದೆ. ಆ ಯೂರೊವನ್ನು ಪೌಂಡ್‌ಗೆ ಮಾರುತ್ತೇವೆ. ಒಂದೊಂದಕ್ಕೂ 0.8500 ಪೌಂಡ್, ಆದ್ದರಿಂದ ಗುಣಿಸಬೇಕು: 7,72,727.27 ಪೌಂಡ್. ಕೊನೆಗೆ ಪೌಂಡ್‌ಗಳನ್ನು ಒಂದಕ್ಕೆ 1.3000 ಡಾಲರ್‌ನಂತೆ ಮಾರಿದರೆ 10,04,545.45 ಡಾಲರ್ ಕೈಗೆ ಬರುತ್ತದೆ.

ಹೊರಟದ್ದು 10,00,000. ಲಾಭ 4,545.45 ಡಾಲರ್, ಅಂದರೆ ಶೇ 0.4545.

ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕೇಳುವುದು ಬಹುಪಾಲು ಇಷ್ಟೇ, ಈ ಉತ್ತರಕ್ಕೆ ಪೂರ್ಣ ಅಂಕವೂ ಸಿಗುತ್ತದೆ. ಆದರೆ ಈ 4,545.45 ಎಂಬ ಸಂಖ್ಯೆಯನ್ನು ನಿಜವಾದ ವ್ಯವಹಾರದಲ್ಲಿ ಯಾರೂ ಕೈಗೆ ಪಡೆಯುವುದಿಲ್ಲ. ಯಾಕೆ ಎಂಬುದೇ ಈ ಪುಟದ ಮುಖ್ಯ ವಿಷಯ. ಅದಕ್ಕೆ ಮೊದಲು ಎರಡು ಸಣ್ಣ ಪ್ರಶ್ನೆಗಳನ್ನು ಮುಗಿಸಿಬಿಡುತ್ತೇನೆ.

ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಹೋಗುವುದಿಲ್ಲ. ಏನು ಮಾಡಲಿ?

ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಕರೆನ್ಸಿಯ ಹೆಸರನ್ನು ಬರೆಯಿರಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ. 1.1000 ಎಂದು ಬರೆಯುವ ಬದಲು ‘ಒಂದು ಯೂರೊಗೆ 1.1000 ಡಾಲರ್’ ಎಂದು ಬರೆದರೆ, ಕೈಯಲ್ಲಿರುವುದು ಡಾಲರ್ ಆದಾಗ ಭಾಗಿಸಬೇಕು, ಯೂರೊ ಆದಾಗ ಗುಣಿಸಬೇಕು ಎಂಬುದು ಕಣ್ಣಿಗೇ ಕಾಣುತ್ತದೆ. ಮೂಲ ಕರೆನ್ಸಿ ಕೈಯಲ್ಲಿದ್ದರೆ ಗುಣಾಕಾರ, ಬೆಲೆ ಹೇಳುವ ಕರೆನ್ಸಿ ಕೈಯಲ್ಲಿದ್ದರೆ ಭಾಗಾಕಾರ. ಜಪಾನಿನ ಯೆನ್ ಬಂದಾಗ ಇದನ್ನು ಮರೆಯಬಾರದು. ಅಲ್ಲಿ ರೂಢಿಯಲ್ಲಿರುವುದು USD/JPY, ಡಾಲರ್ ಎಡಗಡೆ ಕೂತಿರುತ್ತದೆ. ದರ 150.00 ಇದ್ದರೆ ಹತ್ತು ಲಕ್ಷ ಡಾಲರ್‌ಗೆ ಹದಿನೈದು ಕೋಟಿ ಯೆನ್, ಗುಣಾಕಾರದಿಂದ.

ತಪ್ಪಾಗಿದೆಯೇ ಎಂದು ಪತ್ತೆ ಹಚ್ಚುವುದೂ ಸುಲಭ. ಮೇಲಿನ ಲೆಕ್ಕದ ಮೊದಲ ಹೆಜ್ಜೆಯಲ್ಲಿ ಭಾಗಿಸುವ ಬದಲು ಗುಣಿಸಿದರೆ 11,00,000 ಯೂರೊ ಬರುತ್ತದೆ, ಅದು 9,35,000 ಪೌಂಡ್ ಆಗುತ್ತದೆ, ಕೊನೆಗೆ 12,15,500 ಡಾಲರ್. ಒಂದು ಸುತ್ತಿಗೆ ಶೇ 21.55 ಲಾಭ! ಇಷ್ಟು ದೊಡ್ಡ ಸಂಖ್ಯೆ ಬಂದ ಕೂಡಲೇ ಮಾರುಕಟ್ಟೆಯನ್ನು ಬಿಟ್ಟು ನಿಮ್ಮ ಹಾಳೆಯನ್ನು ಅನುಮಾನಿಸಿ.

ದಿಕ್ಕು ತಪ್ಪಿದರೆ ಅಷ್ಟೇ ಮೊತ್ತದ ನಷ್ಟವೇ?

ಹತ್ತಿರ ಹತ್ತಿರ ಅಷ್ಟೇ, ಆದರೆ ಅದೇ ಅಲ್ಲ. ಡಾಲರ್‌ನಿಂದ ಪೌಂಡ್‌ಗೆ ಹೋದರೆ 7,69,230.77 ಪೌಂಡ್. ಅದನ್ನು 0.8500 ರಿಂದ ಭಾಗಿಸಿದರೆ 9,04,977.38 ಯೂರೊ. ಅದನ್ನು ಮಾರಿದರೆ 9,95,475.11 ಡಾಲರ್. ನಷ್ಟ 4,524.89. ಸರಿಯಾದ ದಿಕ್ಕಿನಲ್ಲಿ ಮೊತ್ತ 1.0045454 ಪಟ್ಟಾದರೆ ತಪ್ಪು ದಿಕ್ಕಿನಲ್ಲಿ ಅದೇ ಸಂಖ್ಯೆಯಿಂದ ಭಾಗವಾಗುತ್ತದೆ. ಆದ್ದರಿಂದಲೇ ಈ ಸಣ್ಣ ವ್ಯತ್ಯಾಸ.

ಬಿಡ್ ಮತ್ತು ಆಸ್ಕ್ ಬಂದಾಗ ಲೆಕ್ಕ ಹೇಗೆ ಬದಲಾಗುತ್ತದೆ?

ಪರದೆಯ ಮೇಲೆ ಯಾವ ಜೋಡಿಗೂ ಒಂದೇ ದರ ಇರುವುದಿಲ್ಲ, ಎರಡಿರುತ್ತವೆ. ದರ ಹೇಳುವ ಬ್ಯಾಂಕು ಮೂಲ ಕರೆನ್ಸಿಯನ್ನು ನಮ್ಮಿಂದ ಕೊಳ್ಳುವ ದರ ಬಿಡ್, ನಮಗೆ ಮಾರುವ ದರ ಆಸ್ಕ್. ಬಿಡ್ ಯಾವಾಗಲೂ ಕಡಿಮೆ. ನಾವು ಮಾರುವಾಗ ಕಡಿಮೆ ದರ ಸಿಗುತ್ತದೆ, ಕೊಳ್ಳುವಾಗ ಹೆಚ್ಚಿನ ದರ ಕೊಡಬೇಕು. ಮೇಲೆ ನಾವು ಬಳಸಿದ್ದು ಇವೆರಡರ ನಡುವಿನ ದರ. ಆ ನಡುವಿನ ದರದಲ್ಲಿ ನಮ್ಮೊಡನೆ ವ್ಯವಹರಿಸಲು ಯಾರೂ ಕೂತಿಲ್ಲ.

ಅವೇ ದರಗಳನ್ನು ಎರಡು ಬದಿಯೊಂದಿಗೆ ಬರೆಯೋಣ:

```
            ಬಿಡ್      ಆಸ್ಕ್
EUR/USD    1.0998    1.1002
GBP/USD    1.2997    1.3003
EUR/GBP    0.8498    0.8502
```

ಮೊದಲ ಹೆಜ್ಜೆ: ಯೂರೊ ಕೊಳ್ಳುತ್ತಿದ್ದೇವೆ. EUR/USD ಜೋಡಿಯಲ್ಲಿ ಯೂರೊ ಮೂಲ ಕರೆನ್ಸಿ, ಕೊಳ್ಳುವವರು ನಾವು, ಆದ್ದರಿಂದ ಆಸ್ಕ್ 1.1002. ಹತ್ತು ಲಕ್ಷವನ್ನು ಅದರಿಂದ ಭಾಗಿಸಿದರೆ 9,08,925.65 ಯೂರೊ. ಎರಡನೆಯ ಹೆಜ್ಜೆ: ಯೂರೊ ಮಾರುತ್ತಿದ್ದೇವೆ, ಬಿಡ್ 0.8498, ಸಿಗುವುದು 7,72,405.02 ಪೌಂಡ್. ಮೂರನೆಯದು: ಪೌಂಡ್ ಮಾರುತ್ತಿದ್ದೇವೆ, ಬಿಡ್ 1.2997, ಕೈಗೆ ಬರುವುದು 10,03,894.80 ಡಾಲರ್.

ಲಾಭ 3,894.80. ನಡುವಿನ ದರದಲ್ಲಿ ಕಂಡದ್ದು 4,545.45. ಮೂರು ಕಡೆ ಬಿಡ್‌ಗೂ ಆಸ್ಕ್‌ಗೂ ನಡುವಿನ ಅಂತರ, ಅಂದರೆ ಸ್ಪ್ರೆಡ್, 650.65 ಡಾಲರ್ ತಿಂದುಹಾಕಿತು. ಪ್ರತಿ ಹೆಜ್ಜೆಯಲ್ಲೂ ನಾವು ತೆರುವುದು ಅರ್ಧ ಸ್ಪ್ರೆಡ್: ಯೂರೊ-ಡಾಲರ್‌ನಲ್ಲಿ ಶೇ 0.018, ಪೌಂಡ್-ಡಾಲರ್‌ನಲ್ಲಿ ಶೇ 0.023, ಯೂರೊ-ಪೌಂಡ್‌ನಲ್ಲಿ ಮತ್ತೆ ಸುಮಾರು ಶೇ 0.024. ಒಟ್ಟು ಶೇ 0.065. ಹತ್ತು ಲಕ್ಷಕ್ಕೆ ಸುಮಾರು 650 ಡಾಲರ್, ಸರಿಹೋಯಿತು.

ಯಂತ್ರದಲ್ಲಿ ಮಾಡಿನೋಡಬೇಕೆನ್ನುವವರಿಗೆ ಪೈಥಾನ್‌ನಲ್ಲಿ ಇಷ್ಟು ಸಾಕು:

```
S = 1000000
eur = S / 1.1002      # ask
gbp = eur * 0.8498    # bid
usd = gbp * 1.2997    # bid
print(round(usd - S, 2))
```

ಎಷ್ಟು ವ್ಯತ್ಯಾಸ ಇದ್ದರೆ ನಿಜವಾದ ಲಾಭ ಶುರುವಾಗುತ್ತದೆ?

ಇದು ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ. ಮೇಲೆ ಕೊಟ್ಟ ಉದಾಹರಣೆಯಲ್ಲಿ ಯೂರೊ-ಪೌಂಡ್ ದರ ಸುಮಾರು 38 ಪಿಪ್‌ನಷ್ಟು ಹೊರಗಿತ್ತು. ಪಿಪ್ ಎಂದರೆ ಈ ಜೋಡಿಗಳಲ್ಲಿ ನಾಲ್ಕನೆಯ ದಶಮಾಂಶ ಸ್ಥಾನದ ಒಂದು ಅಂಕ. ಲೆಕ್ಕ ಕಲಿಯಲು ಅಷ್ಟು ದೊಡ್ಡದು ಬೇಕು, ಆದರೆ ಇಂದಿನ ಮಾರುಕಟ್ಟೆಯಲ್ಲಿ ಈ ಮೂರು ಕರೆನ್ಸಿಗಳ ನಡುವೆ ಅಂಥದ್ದು ನಿಲ್ಲುವುದಿಲ್ಲ. ಕಾಣುವುದು ಇಂಥದ್ದು: ಡಾಲರ್ ದರಗಳು ಹಾಗೆಯೇ ಇವೆ, EUR/GBP ಮಾತ್ರ 0.8463 ಬಿಡ್, 0.8467 ಆಸ್ಕ್.

ನಡುವಿನ ದರ 0.8465. ಕ್ರಾಸ್ ದರ 0.84615. ಯೂರೊ ಇಲ್ಲೂ ದುಬಾರಿಯಾಗಿಯೇ ಕಾಣುತ್ತದೆ. ನಡುವಿನ ದರಗಳಲ್ಲಿ ಸುತ್ತು ಹಾಕಿದರೆ ಹತ್ತು ಲಕ್ಷಕ್ಕೆ 409.09 ಡಾಲರ್ ಲಾಭ ಎಂದು ಹಾಳೆ ಹೇಳುತ್ತದೆ. ಈಗ ನಿಜವಾದ ಬದಿಗಳಲ್ಲಿ ಮಾಡಿ. 9,08,925.65 ಯೂರೊವನ್ನು 0.8463 ಕ್ಕೆ ಮಾರಿದರೆ 7,69,223.78 ಪೌಂಡ್. ಅದನ್ನು 1.2997 ಕ್ಕೆ ಮಾರಿದರೆ 9,99,760.14 ಡಾಲರ್. ನಾಲ್ಕುನೂರು ಚಿಲ್ಲರೆ ಲಾಭ ಎಂದು ಹೊರಟವರು 239.86 ಡಾಲರ್ ಕಳೆದುಕೊಂಡು ಮನೆಗೆ ಬಂದರು. ದಿಕ್ಕು ಸರಿಯಿತ್ತು, ಗುಣಾಕಾರ ಭಾಗಾಕಾರ ಸರಿಯಿತ್ತು, ದರಗಳೂ ಹಳೆಯವಲ್ಲ. ತಪ್ಪು ಒಂದೇ, ಯಾರೂ ಕೊಡದ ದರದಲ್ಲಿ ಲೆಕ್ಕ ಹಾಕಿದ್ದು.

ಗಡಿ ಎಲ್ಲಿದೆ ಎಂದು ಮೊದಲೇ ತಿಳಿಯಬಹುದು. ಡಾಲರ್ ಮೂಲಕ ಒಂದು ಯೂರೊವನ್ನು ಸಂಪಾದಿಸಲು ನಮಗೆ ಎಷ್ಟು ಪೌಂಡ್ ಖರ್ಚಾಗುತ್ತದೆ? ಯೂರೊ ಕೊಳ್ಳಲು 1.1002 ಡಾಲರ್ ಬೇಕು, ಒಂದು ಪೌಂಡ್ ಮಾರಿದರೆ 1.2997 ಡಾಲರ್ ಬರುತ್ತದೆ. ಭಾಗಿಸಿದರೆ 0.84650. ನೇರ ಮಾರುಕಟ್ಟೆಯ ಬಿಡ್ ಈ 0.84650 ಅನ್ನು ದಾಟಿದರೆ ಮಾತ್ರ ನಮ್ಮ ಸುತ್ತಿನಲ್ಲಿ ಲಾಭ. 0.8463 ಅದನ್ನು ದಾಟಿಲ್ಲ, ಆದ್ದರಿಂದ ನಷ್ಟ. 0.8498 ಬಹಳ ಮೇಲಿತ್ತು, ಆದ್ದರಿಂದ ಲಾಭ.

ವಿರುದ್ಧ ದಿಕ್ಕಿನ ಗಡಿಯೂ ಹೀಗೆಯೇ. 1.0998 ಅನ್ನು 1.3003 ರಿಂದ ಭಾಗಿಸಿದರೆ 0.84580. ನೇರ ಮಾರುಕಟ್ಟೆಯ ಆಸ್ಕ್ ಇದಕ್ಕಿಂತ ಕೆಳಗೆ ಇಳಿದರೆ ಆ ಕಡೆಯ ಸುತ್ತು ಲಾಭ ಕೊಡುತ್ತದೆ. ಬಿಡ್ ಮೇಲಿನ ಗಡಿಯನ್ನೂ ದಾಟಿಲ್ಲ, ಆಸ್ಕ್ ಕೆಳಗಿನ ಗಡಿಯನ್ನೂ ದಾಟಿಲ್ಲ ಎಂದರೆ ಎರಡೂ ಕಡೆ ಏನೂ ಇಲ್ಲ. ದರಗಳು ಪರಸ್ಪರ ಹೊಂದುತ್ತಿಲ್ಲ ಎಂದು ಕಂಡರೂ ಅದು ಲಾಭವಲ್ಲ. ವ್ಯವಹಾರ ಶುಲ್ಕವಿದ್ದರೆ ಗಡಿಗಳು ಇನ್ನಷ್ಟು ದೂರ ಸರಿಯುತ್ತವೆ. ಹತ್ತು ಲಕ್ಷಕ್ಕೆ ಹೆಜ್ಜೆಗೆ 25 ಡಾಲರ್ ಶುಲ್ಕ ಎಂದಿಟ್ಟುಕೊಂಡರೆ ಸುತ್ತಿಗೆ 75 ಡಾಲರ್ ಹೋಯಿತು.

ಡಾಲರ್ ಬದಲು ಯೂರೊ ಅಥವಾ ಪೌಂಡ್‌ನಿಂದ ಹೊರಟರೆ ಲಾಭ ಬದಲಾಗುತ್ತದೆಯೇ?

ಶೇಕಡಾವಾರು ಲಾಭ ಬದಲಾಗುವುದಿಲ್ಲ. ಅದೇ ದಿಕ್ಕಿನಲ್ಲಿ ಸುತ್ತಿದರೆ ಅದೇ ಮೂರು ದರಗಳು, ಗುಣಾಕಾರದ ಕ್ರಮ ಮಾತ್ರ ಬೇರೆ. ಬಿಡ್-ಆಸ್ಕ್ ಉದಾಹರಣೆಯಲ್ಲಿ ಎಲ್ಲಿಂದ ಹೊರಟರೂ ಮೊತ್ತ 1.0038948 ಪಟ್ಟಾಗುತ್ತದೆ. ಲಾಭ ಯಾವ ಕರೆನ್ಸಿಯಲ್ಲಿ ಕೈಗೆ ಬರುತ್ತದೆ ಎಂಬುದಷ್ಟೇ ಬದಲಾಗುವುದು.

ಮೊತ್ತವನ್ನು ಹತ್ತು ಪಟ್ಟು ಮಾಡಿದರೆ ಲಾಭವೂ ಹತ್ತು ಪಟ್ಟೇ?

ಹಾಳೆಯ ಮೇಲೆ ಹೌದು. ಮಾರುಕಟ್ಟೆಯಲ್ಲಿ ಅಲ್ಲ, ಏಕೆಂದರೆ ಪ್ರತಿ ದರದ ಹಿಂದೆಯೂ ಒಂದು ಮೊತ್ತವಿರುತ್ತದೆ. 0.8498 ಎಂದು ಬರೆದವನು ಎಷ್ಟು ಯೂರೊ ಕೊಳ್ಳಲು ಸಿದ್ಧನಿದ್ದಾನೆ? ಐದು ಲಕ್ಷ ಎಂದಿಟ್ಟುಕೊಳ್ಳಿ. ಅದರ ನಂತರ ಸಾಲಿನಲ್ಲಿ ನಿಂತವನು 0.8468 ಕೊಡುತ್ತಾನೆ.

ನಮ್ಮ ಬಳಿ 9,08,925.65 ಯೂರೊ ಇದೆ. ಮೊದಲ ಐದು ಲಕ್ಷಕ್ಕೆ 4,24,900 ಪೌಂಡ್. ಉಳಿದ 4,08,925.65 ಕ್ಕೆ 3,46,278.24 ಪೌಂಡ್. ಒಟ್ಟು 7,71,178.24 ಪೌಂಡ್, ಅದು 1.2997 ರಂತೆ 10,02,300.36 ಡಾಲರ್. ಲಾಭ 3,894.80 ರಿಂದ 2,300.36 ಕ್ಕೆ ಇಳಿಯಿತು.

ಈ 2,300.36 ನ್ನು ಬಿಡಿಸಿ ನೋಡುವುದು ಇನ್ನೂ ಮುಖ್ಯ. ಮೊದಲ ಐದು ಲಕ್ಷ ಯೂರೊ ಒಂದೇ 2,142.53 ಡಾಲರ್ ತಂದಿದೆ. ಎರಡನೆಯ ಭಾಗದಿಂದ ಬಂದದ್ದು 157.83 ಮಾತ್ರ, ಏಕೆಂದರೆ 0.8468 ನಮ್ಮ ಗಡಿಯಾದ 0.84650 ಕ್ಕಿಂತ ಕೂದಲೆಳೆಯಷ್ಟೇ ಮೇಲಿದೆ. ಮೂರನೆಯವನು 0.8464 ಕೊಡುತ್ತೇನೆ ಎಂದರೆ ಅವನಿಗೆ ಮಾರುವ ಪ್ರತಿ ಯೂರೊ ಹಿಂದಿನ ಲಾಭವನ್ನು ಕರಗಿಸುತ್ತದೆ. ಹಾಗಾಗಿ ಒಟ್ಟು ಲಾಭ ಇನ್ನೂ ಕೂಡುಗುರುತಿನಲ್ಲಿದೆ ಎಂದು ಮುಂದುವರಿಯಬಾರದು. ಪ್ರತಿ ಮೆಟ್ಟಿಲಿನ ದರವನ್ನೂ ಗಡಿಯೊಂದಿಗೆ ಹೋಲಿಸಿ, ಗಡಿ ಬಂದಲ್ಲಿ ಕೈ ಬಿಡಬೇಕು.

ಮೂರು ಹೆಜ್ಜೆಗಳ ನಡುವೆ ದರ ಬದಲಾದರೆ? ಇದಕ್ಕೆ ಅಪಾಯವೇ ಇಲ್ಲ ಎನ್ನುತ್ತಾರಲ್ಲ?

ಮೂರೂ ಒಂದೇ ಕ್ಷಣದಲ್ಲಿ ನಡೆದರೆ ಅಪಾಯವಿಲ್ಲ ಎಂಬುದು ಪಠ್ಯಪುಸ್ತಕದ ಮಾತು, ಆ ಷರತ್ತಿನೊಳಗೆ ಅದು ನಿಜ. ಆದರೆ ಮೂರು ಆದೇಶಗಳು ಮೂರು ಕಡೆಗೆ ಹೋಗುತ್ತವೆ. ಮೊದಲನೆಯದು ನೆರವೇರಿ ಎರಡನೆಯದು ತಿರಸ್ಕೃತವಾಗಬಹುದು. ದರ ಕೊಟ್ಟ ಸಂಸ್ಥೆಯೇ ಕೊನೆಯ ಗಳಿಗೆಯಲ್ಲಿ ಒಮ್ಮೆ ನೋಡಿ, ಬೇಡವೆನ್ನುವ ಹಕ್ಕನ್ನು ಉಳಿಸಿಕೊಳ್ಳುವ ಪದ್ಧತಿಯೂ ಈ ಮಾರುಕಟ್ಟೆಯಲ್ಲಿದೆ. ಆಗ ಕೈಯಲ್ಲಿ ಉಳಿಯುವುದು ಆರ್ಬಿಟ್ರೇಜ್ ಅಲ್ಲ, 9,08,925.65 ಯೂರೊ.

ಅದನ್ನು ಅಲ್ಲೇ ಕೈಬಿಟ್ಟು, ಅದೇ ಕ್ಷಣದ 1.0998 ಬಿಡ್‌ಗೆ ಮಾರಿದರೆ 9,99,636.43 ಡಾಲರ್ ಹಿಂದಕ್ಕೆ ಬರುತ್ತದೆ. ನಷ್ಟ 363.57. ಡಾಲರ್-ಯೂರೊ ದರ ಒಂದಿಷ್ಟೂ ಅಲುಗಾಡದಿದ್ದಾಗ ಆಗುವ ನಷ್ಟ ಇದು. ಅಲುಗಾಡಿದ್ದರೆ ಇನ್ನೂ ಹೆಚ್ಚಾಗಬಹುದು. ಇದನ್ನು ಲಾಭದ ಪಕ್ಕದಲ್ಲಿ ಇಟ್ಟು ತೂಗಿನೋಡಿ. 3,894.80 ಲಾಭದ ಸುತ್ತಿಗೆ 363.57 ಭರಿಸಬಹುದಾದ ನಷ್ಟ. ಆದರೆ ನಿಜವಾಗಿ ಸಿಗುವ ಅವಕಾಶಗಳು ಹತ್ತು ಲಕ್ಷಕ್ಕೆ ನೂರು ಡಾಲರ್‌ಗೂ ಕಡಿಮೆ ಲಾಭದವು ಆಗಿರುವುದು ಸಾಮಾನ್ಯ. ನೂರು ಡಾಲರ್ ಲಾಭದ ಐದು ಪ್ರಯತ್ನಗಳಲ್ಲಿ ನಾಲ್ಕು ಗೆದ್ದು ಒಂದು ಮಧ್ಯದಲ್ಲೇ ಮುರಿದರೆ, ಗೆದ್ದ ನಾಲ್ಕುನೂರರಲ್ಲಿ 363.57 ಆ ಒಂದಕ್ಕೇ ಹೋಗುತ್ತದೆ. ಉಳಿಯುವುದು 36.43.

ಎಚ್ಚರದಿಂದ ಮಾಡುವವರು ಮೊದಲು ಕಷ್ಟದ ಹೆಜ್ಜೆಯನ್ನು ಮುಗಿಸುತ್ತಾರೆ. ಮೂರರಲ್ಲಿ ಕಡಿಮೆ ಮೊತ್ತ ನಿಂತಿರುವ, ದರ ತಪ್ಪಿರುವ ಜೋಡಿ ಯಾವುದೋ ಅದು ಮೊದಲು. ನಮ್ಮ ಉದಾಹರಣೆಯಲ್ಲಿ ಅದು ಯೂರೊ-ಪೌಂಡ್. ಅದು ಸಿಕ್ಕರೆ ಉಳಿದ ಎರಡು ಡಾಲರ್ ಜೋಡಿಗಳಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಬರವಿಲ್ಲ. ಸಿಗದಿದ್ದರೆ ಏನೂ ಶುರುವಾಗಿಯೇ ಇಲ್ಲ.

ಯೂರೊ ಕೊಳ್ಳದೆಯೇ ಮೊದಲು ಯೂರೊ ಮಾರುವುದು ಹೇಗೆ ಸಾಧ್ಯ? ಹತ್ತು ಲಕ್ಷ ಡಾಲರ್ ಕೈಯಲ್ಲಿ ಇರಲೇಬೇಕೇ?

ಸ್ಪಾಟ್ ವ್ಯವಹಾರದಲ್ಲಿ ಒಪ್ಪಂದ ಇಂದು ಆಗುತ್ತದೆ, ಹಣ ಕೈಬದಲಾಗುವುದು ಬಹುತೇಕ ಜೋಡಿಗಳಿಗೆ ಎರಡು ಕೆಲಸದ ದಿನಗಳ ನಂತರ. ಆದ್ದರಿಂದ ಮೂರು ಒಪ್ಪಂದಗಳನ್ನು ಯಾವ ಕ್ರಮದಲ್ಲಿ ಮಾಡಿದರೂ ಪಾವತಿಯ ದಿನ ಅವು ಒಟ್ಟಿಗೆ ಕೂಡುತ್ತವೆ. ಕೊಂಡ ಯೂರೊ ಮತ್ತು ಮಾರಿದ ಯೂರೊ ಒಂದನ್ನೊಂದು ಅಳಿಸುತ್ತವೆ, ಪೌಂಡ್ ಕೂಡ ಹಾಗೆಯೇ. ಡಾಲರ್ ಕಾಲಂನಲ್ಲಿ 10,00,000 ಹೊರಗೆ, 10,03,894.80 ಒಳಗೆ. ಎಲ್ಲವೂ ಒಬ್ಬನೇ ಎದುರಾಳಿಯೊಂದಿಗೆ ಆಗಿದ್ದರೆ ನಿವ್ವಳವಾಗಿ ಬರುವುದು 3,894.80 ಡಾಲರ್ ಅಷ್ಟೇ. ಹಾಗಾಗಿ ಬ್ಯಾಂಕುಗಳ ಮಟ್ಟದಲ್ಲಿ ಬೇಕಾಗುವುದು ನಗದಿಗಿಂತ ಹೆಚ್ಚಾಗಿ ಸಾಲದ ಮಿತಿ.

ಮೂರೂ ಬೇರೆ ಬೇರೆ ಸಂಸ್ಥೆಗಳೊಂದಿಗೆ ಆಗಿದ್ದರೆ ವಿಷಯ ಬೇರೆ. ಆಗ ಪ್ರತಿಯೊಂದಕ್ಕೂ ಪೂರ್ಣ ಮೊತ್ತ ಪಾವತಿಯಾಗಬೇಕು, ನಾವು ಕೊಟ್ಟ ಮೇಲೆ ಎದುರಿನವರು ಕೊಡದೇ ಹೋಗುವ ಸಾಧ್ಯತೆ ಇರುತ್ತದೆ. 1974ರ ಜೂನ್ 26ರಂದು ಜರ್ಮನಿಯ ಕಲೋನ್‌ನ ಹೆರ್‌ಸ್ಟಾಟ್ ಬ್ಯಾಂಕನ್ನು ಮುಚ್ಚಿಸಿದಾಗ ಹೀಗೇ ಆಯಿತು. ಎದುರಾಳಿ ಬ್ಯಾಂಕುಗಳು ಮಾರ್ಕ್ ಪಾವತಿ ಮಾಡಿಯಾಗಿತ್ತು, ನ್ಯೂಯಾರ್ಕ್‌ನಲ್ಲಿ ಬರಬೇಕಿದ್ದ ಡಾಲರ್ ಬರಲಿಲ್ಲ. ಈ ಬಗೆಯ ಅಪಾಯಕ್ಕೆ ಇಂದಿಗೂ ಆ ಬ್ಯಾಂಕಿನ ಹೆಸರೇ ಇದೆ. 2002ರಲ್ಲಿ ಕೆಲಸ ಆರಂಭಿಸಿದ ಸಿಎಲ್‌ಎಸ್ ಎಂಬ ಸಂಸ್ಥೆ ಎರಡೂ ಕಡೆಯ ಹಣವನ್ನು ಒಟ್ಟಿಗೇ ಬಿಡುಗಡೆ ಮಾಡುವ ಮೂಲಕ ತನ್ನ ವ್ಯವಸ್ಥೆಯೊಳಗಿನ ಕರೆನ್ಸಿಗಳಿಗೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ.

ದಶಮಾಂಶಗಳನ್ನು ಎಲ್ಲಿ ದುಂಡಾಗಿಸಬೇಕು?

ದರವನ್ನು ಎಂದೂ ದುಂಡಾಗಿಸಬೇಡಿ. ಮೊತ್ತವನ್ನು ಮಾತ್ರ, ಅದೂ ಆಯಾ ಕರೆನ್ಸಿಯ ಚಿಲ್ಲರೆಯ ಮಟ್ಟಕ್ಕೆ. ಎಲ್ಲಕ್ಕಿಂತ ದೊಡ್ಡ ತಪ್ಪು, ದರವನ್ನು ತಲೆಕೆಳಗು ಮಾಡಿ, ದುಂಡಾಗಿಸಿ, ಅದರಿಂದ ಗುಣಿಸುವುದು.

ಇದನ್ನು ಕಾನೂನೇ ನಿಷೇಧಿಸಿದ ಸಂದರ್ಭವೊಂದಿದೆ. 1999ರ ಜನವರಿ 1ರಂದು ಯೂರೊ ಬಂದಾಗ ಒಂದು ಯೂರೊಗೆ 1.95583 ಜರ್ಮನ್ ಮಾರ್ಕ್, 6.55957 ಫ್ರೆಂಚ್ ಫ್ರಾಂಕ್ ಎಂದು ದರಗಳನ್ನು ಆರು ಅಂಕಿಗಳಲ್ಲಿ ಸ್ಥಿರಗೊಳಿಸಿದರು. ಅವುಗಳನ್ನು ದುಂಡಾಗಿಸುವಂತಿರಲಿಲ್ಲ, ತಲೆಕೆಳಗಾದ ದರಗಳನ್ನು ಬಳಸುವಂತಿರಲಿಲ್ಲ. ಮಾರ್ಕ್‌ನಿಂದ ಫ್ರಾಂಕ್‌ಗೆ ಹೋಗಬೇಕಾದರೆ ಯೂರೊ ಮೂಲಕವೇ ಹಾದುಹೋಗಬೇಕಿತ್ತು. ಯಾಕೆಂದು ಲೆಕ್ಕ ಹಾಕಿ ನೋಡಿ. ಹತ್ತು ಕೋಟಿ ಮಾರ್ಕ್ ಅನ್ನು 1.95583 ರಿಂದ ಭಾಗಿಸಿದರೆ 5,11,29,188.12 ಯೂರೊ. ಅದರ ಬದಲು ತಲೆಕೆಳಗಾದ 0.511292 ರಿಂದ ಗುಣಿಸಿದರೆ 5,11,29,200. ಏನೂ ಇಲ್ಲದ ಕಡೆ 11.88 ಯೂರೊ ಹುಟ್ಟಿತು. ಸ್ಥಿರ ದರಗಳ ನಡುವೆ ಇಂಥ ಬಿರುಕು ಇದ್ದರೆ ಎಷ್ಟು ಸಲ ಬೇಕಾದರೂ ಸುತ್ತಬಹುದಿತ್ತು. ನಿಮ್ಮ ಹಾಳೆಯಲ್ಲಿ ಬಹಳ ಸಣ್ಣ ಲಾಭವೊಂದು ಪ್ರತಿ ಸಲವೂ ಕಾಣಿಸುತ್ತಿದ್ದರೆ ಮೊದಲು ಇದನ್ನೇ ಹುಡುಕಿ.

ಈ ವ್ಯತ್ಯಾಸ ಹುಟ್ಟುವುದೇಕೆ, ಅಳಿಯುವುದು ಹೇಗೆ?

ಮೂರು ದರಗಳನ್ನು ಒಬ್ಬರೇ ಕೂತು ನಿಗದಿ ಮಾಡುವುದಿಲ್ಲ. ಯೂರೊ-ಡಾಲರ್‌ನಲ್ಲಿ ಒಂದು ದೊಡ್ಡ ಖರೀದಿ ಬಂದರೆ ಆ ದರ ಮೊದಲು ಏರುತ್ತದೆ, ಯೂರೊ-ಪೌಂಡ್ ಕ್ಷಣಕಾಲ ಹಿಂದೆ ಉಳಿಯುತ್ತದೆ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ 2022ರ ಏಪ್ರಿಲ್ ಸಮೀಕ್ಷೆಯಂತೆ ವಿದೇಶಿ ವಿನಿಮಯದ ದಿನದ ವಹಿವಾಟು ಸುಮಾರು 7.5 ಲಕ್ಷ ಕೋಟಿ ಡಾಲರ್, ಅದರಲ್ಲಿ ಶೇ 88 ವ್ಯವಹಾರಗಳ ಒಂದು ಬದಿಯಲ್ಲಿ ಡಾಲರ್ ಇತ್ತು. ಹೀಗಾಗಿ ಹೊಸ ಸುದ್ದಿ ಡಾಲರ್ ಜೋಡಿಗಳಿಗೆ ಮೊದಲು ಮುಟ್ಟುವುದು, ಡಾಲರ್ ಇಲ್ಲದ ಜೋಡಿ ತಡವಾಗಿ ಸರಿಹೋಗುವುದು ಸಹಜ.

ಅಳಿಸುವವರು ಸುತ್ತುವವರೇ. ನಮ್ಮ ಸುತ್ತಿನಲ್ಲಿ ಯೂರೊ ಕೊಂಡಾಗ 1.1002 ಮೇಲಕ್ಕೆ ಹೋಗುತ್ತದೆ, ಯೂರೊವನ್ನು ಪೌಂಡ್‌ಗೆ ಮಾರಿದಾಗ 0.8498 ಕೆಳಗಿಳಿಯುತ್ತದೆ, ಪೌಂಡ್ ಮಾರಿದಾಗ 1.2997 ಕೂಡ ಇಳಿಯುತ್ತದೆ. ಮೂರೂ ಚಲನೆಗಳು ಲಾಭವನ್ನು ಕಡಿಮೆ ಮಾಡುವ ಕಡೆಗೇ. ಹೆಚ್ಚು ಕದಲುವುದು ಯಾವ ಜೋಡಿಯಲ್ಲಿ ಕಡಿಮೆ ಮೊತ್ತ ನಿಂತಿದೆಯೋ ಅದು. ಈ ಕೆಲಸವನ್ನು ಇಂದು ಕಂಪ್ಯೂಟರುಗಳು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಮುಗಿಸುತ್ತವೆ.

ಮೂರು ವೆಬ್‌ಸೈಟ್‌ಗಳ ದರ ನೋಡಿದೆ, ಶೇ 0.3 ಲಾಭ ಕಾಣುತ್ತಿದೆ. ನಿಜವೇ?

ಮೊದಲು ಮೂರು ದರಗಳ ಸಮಯ ನೋಡಿ. ಒಂದು ಹತ್ತು ನಿಮಿಷ ಹಳೆಯದಾದರೆ ಸಾಕು, ಆ ಶೇ 0.3 ಪೂರ್ತಿಯಾಗಿ ಅಲ್ಲಿಂದಲೇ ಬಂದಿರಬಹುದು. ನಂತರ ಅವು ನಡುವಿನ ದರಗಳೇ, ಯಾರಾದರೂ ಆ ದರದಲ್ಲಿ ವ್ಯವಹರಿಸುತ್ತಾರೆಯೇ ಎಂದು ನೋಡಿ. ಕರೆನ್ಸಿ ಪರಿವರ್ತಕಗಳು ತೋರಿಸುವುದು ಬಹುಪಾಲು ಮಾಹಿತಿಗಾಗಿ ಇರುವ ದರ. ಇದೆರಡನ್ನೂ ದಾಟಿ ಬಂದರೆ, ನಿಮಗೆ ನಿಜವಾಗಿ ಸಿಗುವ ಬಿಡ್ ಮತ್ತು ಆಸ್ಕ್ ಬರೆದುಕೊಂಡು ಗಡಿಯ ದರವನ್ನು ಲೆಕ್ಕ ಹಾಕಿ. ಸಾಮಾನ್ಯ ಗ್ರಾಹಕರಿಗೆ ನಗದು ವಿನಿಮಯದಲ್ಲಿ ಒಂದೊಂದು ಹೆಜ್ಜೆಗೂ ಶೇ 1 ಹೋದರೆ ಮೂರು ಹೆಜ್ಜೆಗೆ ಸುಮಾರು ಶೇ 3 ಹೋಗುತ್ತದೆ. ಹತ್ತು ಲಕ್ಷಕ್ಕೆ 3,000 ಡಾಲರ್ ಲಾಭ ಎಂದು ಕಂಡದ್ದು ಸುಮಾರು 27,000 ಡಾಲರ್ ನಷ್ಟವಾಗಿ ಮುಗಿಯುತ್ತದೆ.